ಸೀಮಿತ ಆವೃತ್ತಿಯ ಕಲಾಮುದ್ರಣಗಳ ಪರೀಕ್ಷೆ

'''ಸೀಮಿತ ಆವೃತ್ತಿಯ ಕಲಾಮುದ್ರಣ''' ಎಂದರೆ ಒಂದೇ ಅಚ್ಚಿನಿಂದ ಅಥವಾ ಒಂದೇ ಡಿಜಿಟಲ್ ಮೂಲದಿಂದ, ಮೊದಲೇ ನಿಗದಿಪಡಿಸಿದ ಸಂಖ್ಯೆಯಷ್ಟು ಪ್ರತಿಗಳನ್ನು ಮಾತ್ರ ಮುದ್ರಿಸಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆಯನ್ನು ನೀಡಿದ ಕಲಾಕೃತಿ. ಇಂತಹ ಪ್ರತಿಗಳ ಬೆಲೆ ಅವುಗಳ ವಿರಳತೆಯನ್ನು ಅವಲಂಬಿಸಿರುವುದರಿಂದ, ಸಾಮಾನ್ಯ ಅಚ್ಚುಪ್ರತಿಯ ಮೇಲೆ ಸಂಖ್ಯೆ ಬರೆದು ಮಾರುವ ವಂಚನೆಗೆ ಅವಕಾಶವಿದೆ. ಪ್ರತಿಯೊಂದರ ನೈಜತೆಯನ್ನು ಮೂರು ಕುರುಹುಗಳಿಂದ ಪರಿಶೀಲಿಸಬಹುದು: ಅಂಚಿನಲ್ಲಿ ಬರೆದ ಆವೃತ್ತಿ ಸಂಖ್ಯೆ, ಕಾಗದದ ಮೇಲ್ಮೈ, ಹಾಗೂ ಮುದ್ರಣಯಂತ್ರ ಬಿಟ್ಟುಹೋಗುವ ಚುಕ್ಕೆಗಳ ವಿನ್ಯಾಸ. ಈ ಮೂರನ್ನೂ ಸಮೀಪದಿಂದ ತೆಗೆದ ಛಾಯಾಚಿತ್ರಗಳಲ್ಲಿ ಬಹುಮಟ್ಟಿಗೆ ನೋಡಬಹುದು.

ಈ ಕುರುಹುಗಳು ಬೇರೆ ಬೇರೆ ಸಂಗತಿಗಳನ್ನು ತಿಳಿಸುತ್ತವೆ. ಸಂಖ್ಯೆಯು ಪ್ರಕಾಶಕ ಅಥವಾ ಕಲಾವಿದ ನೀಡಿದ ಮಾತನ್ನು ತಿಳಿಸುತ್ತದೆ. ಚುಕ್ಕೆಗಳು ಮುದ್ರಣದ ವಿಧಾನವನ್ನು ತಿಳಿಸುತ್ತವೆ. ಕಾಗದವು ಮುದ್ರಣದ ಕಾಲವನ್ನು ಸೂಚಿಸುತ್ತದೆ. ಆದುದರಿಂದ ಯಾವುದೇ ಒಂದು ಕುರುಹನ್ನು ನಂಬಿ ತೀರ್ಮಾನಿಸುವುದಕ್ಕಿಂತ, ಮೂರೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದೇ ಪರೀಕ್ಷೆಯ ತಿರುಳು. ಈ ಲೇಖನದಲ್ಲಿ ಕರ್ನಾಟಕದ ಮನೆಗಳಲ್ಲಿ ಬಹುಪರಿಚಿತವಾದ ರಾಜಾ ರವಿವರ್ಮನ ಚಿತ್ರಗಳ ಮುದ್ರಣಗಳನ್ನು ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

== ಆವೃತ್ತಿ ಸಂಖ್ಯೆ ==

ಆವೃತ್ತಿ ಸಂಖ್ಯೆಯನ್ನು ಸಾಮಾನ್ಯವಾಗಿ ಭಿನ್ನರಾಶಿಯ ರೂಪದಲ್ಲಿ, ಚಿತ್ರದ ಕೆಳಗಿನ ಖಾಲಿ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಬರೆಯುತ್ತಾರೆ. 12/50 ಎಂದಿದ್ದರೆ ಒಟ್ಟು 50 ಪ್ರತಿಗಳ ಆವೃತ್ತಿಯಲ್ಲಿ ಇದು 12ನೆಯದು ಎಂದರ್ಥ. ಸಂಖ್ಯೆ ಎಡಭಾಗದಲ್ಲಿಯೂ, ಶೀರ್ಷಿಕೆ ನಡುವೆಯೂ, ಕಲಾವಿದನ ಸಹಿ ಬಲಭಾಗದಲ್ಲಿಯೂ ಇರುವುದು ವಾಡಿಕೆ. ಇದು ನಿಯಮವಲ್ಲ, ಬೇರೆ ರೀತಿಯಲ್ಲಿ ಬರೆದ ಮಾತ್ರಕ್ಕೆ ಪ್ರತಿಯು ಖೋಟಾ ಆಗುವುದಿಲ್ಲ.

12ನೆಯ ಸಂಖ್ಯೆಯ ಪ್ರತಿಯೇ ಯಂತ್ರದಿಂದ 12ನೆಯದಾಗಿ ಹೊರಬಂದಿತೆಂದು ಹೇಳಲಾಗದು. ಹಾಳೆಗಳನ್ನು ಒಣಗಿಸಿ, ಒಟ್ಟುಗೂಡಿಸಿ, ಆಮೇಲೆ ಸಂಖ್ಯೆ ಹಾಕುವುದರಿಂದ ಅವುಗಳ ಕ್ರಮ ಬದಲಾಗಿರುತ್ತದೆ. ಒಟ್ಟು ಸಂಖ್ಯೆಯೂ ಪೂರ್ಣ ಲೆಕ್ಕವಲ್ಲ. ಕಲಾವಿದ ತನಗಾಗಿ ಇಟ್ಟುಕೊಳ್ಳುವ ಕೆಲವು ಪ್ರತಿಗಳಿಗೆ ಅಂಕಿಗಳ ಬದಲು ‘ಎ.ಪಿ.’ ಎಂಬ ರೋಮನ್ ಲಿಪಿಯ ಅಕ್ಷರಗಳನ್ನು ಬರೆಯುತ್ತಾರೆ. ಇವನ್ನು ‘ಕಲಾವಿದನ ಪ್ರತಿ’ ಎನ್ನುತ್ತಾರೆ. ಮುದ್ರಕನಿಗೆ ಸಲ್ಲುವ ಪ್ರತಿಗಳೂ ಇರಬಹುದು. ಕೆಲವೊಮ್ಮೆ ಅದೇ ಚಿತ್ರವನ್ನು ಬೇರೊಂದು ಬಗೆಯ ಕಾಗದದ ಮೇಲೆ ಮುದ್ರಿಸಿ, ರೋಮನ್ ಅಂಕಿಗಳಲ್ಲಿ ಪ್ರತ್ಯೇಕ ಆವೃತ್ತಿಯನ್ನು ಹೊರಡಿಸುತ್ತಾರೆ. ಆದುದರಿಂದ ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಭಿನ್ನರಾಶಿಯ ಕೆಳಗಿನ ಅಂಕಿ ಎಷ್ಟೆಂಬುದಲ್ಲ. ಎಲ್ಲ ಗಾತ್ರಗಳೂ ಎಲ್ಲ ಬಗೆಯ ಪ್ರತಿಗಳೂ ಸೇರಿ ಒಟ್ಟು ಎಷ್ಟು ಹಾಳೆಗಳು ಮುದ್ರಣಗೊಂಡಿವೆ ಎಂಬುದು. ಡಿಜಿಟಲ್ ಮುದ್ರಣದಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚಿನ ಮಹತ್ವವಿದೆ. ತಾಮ್ರದ ಫಲಕ ಸವೆಯುತ್ತದೆ, ಆವೃತ್ತಿ ಮುಗಿದ ಮೇಲೆ ಅದನ್ನು ಗೀಚಿ ರದ್ದುಪಡಿಸುವ ಪದ್ಧತಿಯೂ ಇದೆ. ಗಣಕದ ಕಡತಕ್ಕೆ ಸವೆತವಿಲ್ಲ.

=== ಬರೆದ ಸಂಖ್ಯೆ, ಅಚ್ಚಾದ ಸಂಖ್ಯೆ ===

ಸಮೀಪಚಿತ್ರದಲ್ಲಿ ಮೊದಲು ನೋಡಬೇಕಾದುದು ಸಂಖ್ಯೆಯನ್ನು ಕೈಯಿಂದ ಬರೆದಿದೆಯೇ, ಇಲ್ಲವೇ ಚಿತ್ರದೊಡನೆಯೇ ಅಚ್ಚು ಮಾಡಿದೆಯೇ ಎಂಬುದನ್ನು. ಸೀಸದ ಕಡ್ಡಿಯ ಗೆರೆಯು ಕಾಗದದ ಉಬ್ಬುಗಳಿಗೆ ಮಾತ್ರ ಅಂಟಿ, ತಗ್ಗುಗಳನ್ನು ಬಿಟ್ಟುಹೋಗುತ್ತದೆ. ಹೀಗಾಗಿ ಹಿಗ್ಗಿಸಿದಾಗ ಗೆರೆ ತುಂಡುತುಂಡಾಗಿ, ಹರಳು ಹರಳಾಗಿ ಕಾಣುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟರೆ ಬೂದುಬಣ್ಣದ ಲೋಹದಂತಹ ಹೊಳಪೂ, ಕಡ್ಡಿ ಒತ್ತಿದಲ್ಲಿ ಸಣ್ಣ ತಗ್ಗೂ ಗೋಚರಿಸುತ್ತವೆ. ಅಚ್ಚಾದ ಸಂಖ್ಯೆಯಲ್ಲಿ ಇವು ಇರುವುದಿಲ್ಲ. ಬಣ್ಣದ ಯಂತ್ರದಲ್ಲಿ ಸೀಸದ ಬೂದುಬಣ್ಣವನ್ನು ನೀಲಿ, ಕೆನ್ನೇರಳೆ, ಹಳದಿ, ಕಪ್ಪು ಚುಕ್ಕೆಗಳನ್ನು ಸೇರಿಸಿ ಮೂಡಿಸುವುದರಿಂದ, ಹಿಗ್ಗಿಸಿದಾಗ ಬೂದು ಗೆರೆಯೊಳಗೆ ಬಣ್ಣದ ಚುಕ್ಕೆಗಳು ಕಾಣುತ್ತವೆ. ‘ಕೈಯಿಂದ ಸಹಿ ಮಾಡಿದ್ದು’ ಎಂದು ಮಾರುವ ಪ್ರತಿಯಲ್ಲಿ ಹೀಗೆ ಕಂಡರೆ ಆ ಹೇಳಿಕೆ ಸುಳ್ಳೆಂದು ತಿಳಿಯಬಹುದು.

ಆದರೆ ನಿಜವಾದ ಸಹಿಯೂ ಪೂರ್ಣ ಭರವಸೆಯಲ್ಲ. ಸ್ಪೇನಿನ ಕಲಾವಿದ ಸಾಲ್ವಡಾರ್ ಡಾಲಿ ತನ್ನ ಕೊನೆಯ ದಶಕಗಳಲ್ಲಿ ಖಾಲಿ ಹಾಳೆಗಳ ಮೇಲೆ ಅಪಾರ ಸಂಖ್ಯೆಯಲ್ಲಿ ಸಹಿ ಹಾಕಿದ್ದನು. 1974ರಲ್ಲಿ ಫ್ರಾನ್ಸಿನ ಸುಂಕದ ಅಧಿಕಾರಿಗಳು ತಡೆದ ವಾಹನವೊಂದರಲ್ಲಿ ಅಂತಹ ಸುಮಾರು 40,000 ಹಾಳೆಗಳಿದ್ದವು. ಅವುಗಳ ಮೇಲೆ ಆಮೇಲೆ ಯಾರು ಏನನ್ನು ಮುದ್ರಿಸಿದರೂ ಸಹಿ ಮಾತ್ರ ನಿಜವಾದದ್ದೇ ಆಗಿರುತ್ತಿತ್ತು. ಸಹಿಯೊಂದರಿಂದಲೇ ತೀರ್ಮಾನಿಸಬಾರದೆಂಬುದಕ್ಕೆ ಇದು ಪ್ರಸಿದ್ಧ ನಿದರ್ಶನ.

== ಸಮೀಪಚಿತ್ರದ ಅಳತೆ ==

ಚುಕ್ಕೆಗಳನ್ನು ಹುಡುಕುವ ಮುನ್ನ, ಕೈಯಲ್ಲಿರುವ ಛಾಯಾಚಿತ್ರಕ್ಕೆ ಅವುಗಳನ್ನು ತೋರಿಸುವ ಸಾಮರ್ಥ್ಯವಿದೆಯೇ ಎಂದು ಲೆಕ್ಕ ಹಾಕಬೇಕು. ಉತ್ತಮ ಆಫ್‌ಸೆಟ್ ಮುದ್ರಣದಲ್ಲಿ ಸಾಮಾನ್ಯವಾಗಿ ಒಂದು ಅಂಗುಲಕ್ಕೆ 150 ಚುಕ್ಕೆಗಳ ಸಾಲುಗಳಿರುತ್ತವೆ. ಒಂದು ಅಂಗುಲವು 25.4 ಮಿಲಿಮೀಟರ್ ಆದುದರಿಂದ, ಒಂದು ಚುಕ್ಕೆಯ ನಡುವಿನಿಂದ ಮುಂದಿನ ಚುಕ್ಕೆಯ ನಡುವಿಗೆ ಇರುವ ಅಂತರ ಸುಮಾರು 0.17 ಮಿ.ಮೀ.

50 ಸೆಂಟಿಮೀಟರ್ ಅಗಲದ ಹಾಳೆಯನ್ನು ಪೂರ್ತಿಯಾಗಿ, 4000 ಪಿಕ್ಸೆಲ್ ಅಗಲದ ಛಾಯಾಚಿತ್ರದಲ್ಲಿ ಸೆರೆಹಿಡಿದರೆ ಒಂದು ಮಿಲಿಮೀಟರಿಗೆ 8 ಪಿಕ್ಸೆಲ್‌ಗಳು ಮಾತ್ರ ದೊರೆಯುತ್ತವೆ. ಆಗ ಎರಡು ಚುಕ್ಕೆಗಳ ನಡುವಿನ ಅಂತರಕ್ಕೆ ಒಂದೂವರೆ ಪಿಕ್ಸೆಲ್ ಕೂಡ ಸಿಗದು. ಚುಕ್ಕೆಗಳು ಕಾಣದಿರುವುದಷ್ಟೇ ಅಲ್ಲ, ಚಿತ್ರದ ಮೇಲೆ ಅಲೆಅಲೆಯಾದ ಹುಸಿ ಪಟ್ಟೆಗಳೂ ಮೂಡಬಹುದು. ಅದೇ ಕ್ಯಾಮೆರಾವನ್ನು ಹತ್ತಿರ ತಂದು 2 ಸೆಂಟಿಮೀಟರ್ ಅಗಲವನ್ನಷ್ಟೇ ಚೌಕಟ್ಟಿನಲ್ಲಿ ತುಂಬಿಸಿದರೆ ಒಂದು ಮಿಲಿಮೀಟರಿಗೆ 200 ಪಿಕ್ಸೆಲ್‌ಗಳು ದೊರೆತು, ಅದೇ ಅಂತರವು 34 ಪಿಕ್ಸೆಲ್‌ಗಳಷ್ಟು ವಿಶಾಲವಾಗಿ ಕಾಣುತ್ತದೆ. ಆದುದರಿಂದ ಇಡೀ ಚಿತ್ರದ ಫೋಟೊವನ್ನು ತೆರೆಯ ಮೇಲೆ ಎಷ್ಟು ಹಿಗ್ಗಿಸಿದರೂ ಪ್ರಯೋಜನವಿಲ್ಲ; ಕ್ಯಾಮೆರಾವನ್ನೇ ಹತ್ತಿರ ಒಯ್ದು ತೆಗೆದ ಚಿತ್ರ ಬೇಕು. ಚೌಕಟ್ಟಿನೊಳಗೆ ಅಳತೆಪಟ್ಟಿಯನ್ನೂ ಇಟ್ಟರೆ ಚುಕ್ಕೆಗಳ ಅಂತರವನ್ನು ಎಣಿಸಿ ಲೆಕ್ಕ ಹಾಕಬಹುದು.

ಮೊಬೈಲ್ ಸಂದೇಶಗಳ ಮೂಲಕ ಬರುವ ಚಿತ್ರಗಳು ಕುಗ್ಗಿರುತ್ತವೆ. ಹಾಗೆ ಕುಗ್ಗಿಸುವಾಗ ಚಿತ್ರವನ್ನು 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚೌಕಗಳಾಗಿ ವಿಂಗಡಿಸುವ ಕ್ರಮವಿರುವುದರಿಂದ, ಹಿಗ್ಗಿಸಿದಾಗ ಚೌಕಗಳ ಜಾಲವೊಂದು ಕಾಣಬಹುದು. ಇದನ್ನು ಮುದ್ರಣದ ಚುಕ್ಕೆಯೆಂದು ಭ್ರಮಿಸಬಾರದು. ಈ ಚೌಕಗಳು ಯಾವಾಗಲೂ ಛಾಯಾಚಿತ್ರದ ಅಂಚುಗಳಿಗೆ ಸಮಾನಾಂತರವಾಗಿರುತ್ತವೆ. ಹಾಳೆಯನ್ನು ಓರೆಯಾಗಿಟ್ಟು ಇನ್ನೊಂದು ಫೋಟೊ ತೆಗೆದರೆ ಮುದ್ರಣದ ಚುಕ್ಕೆಗಳ ಸಾಲು ಹಾಳೆಯೊಡನೆ ಓರೆಯಾಗುತ್ತದೆ, ಚೌಕಗಳ ಜಾಲ ಓರೆಯಾಗುವುದಿಲ್ಲ. ಚಿತ್ರವನ್ನು ಫೋಟೊ ರೂಪದಲ್ಲಿ ಕಳುಹಿಸದೆ ಕಡತದ ರೂಪದಲ್ಲಿ ಕಳುಹಿಸುವಂತೆ ಕೇಳಿದರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

== ಚುಕ್ಕೆಗಳ ವಿನ್ಯಾಸ ==

ಬಣ್ಣದ ಛಾಯೆಗಳನ್ನು ಕಾಗದಕ್ಕೆ ಇಳಿಸುವ ಪ್ರತಿಯೊಂದು ವಿಧಾನಕ್ಕೂ ತನ್ನದೇ ಆದ ಗುರುತಿದೆ. ಮನೆಗಳಲ್ಲಿಯೂ ಮಾರುಕಟ್ಟೆಯಲ್ಲಿಯೂ ಹೆಚ್ಚಾಗಿ ಎದುರಾಗುವ ಮೂರು ವಿಧಾನಗಳನ್ನು ಬೇರ್ಪಡಿಸಲು ಬಂದರೆ ಬಹುಪಾಲು ಸಂದೇಹಗಳು ಪರಿಹಾರವಾಗುತ್ತವೆ.

=== ಆಫ್‌ಸೆಟ್ ===

ಪುಸ್ತಕ, ಕ್ಯಾಲೆಂಡರ್, ಪೋಸ್ಟರುಗಳಿಗೆ ಬಳಸುವ ಆಫ್‌ಸೆಟ್ ಮುದ್ರಣದಲ್ಲಿ ಚುಕ್ಕೆಗಳ ನಡುಗಳ ಅಂತರ ಒಂದೇ ಸಮನಾಗಿದ್ದು, ಗಾತ್ರ ಮಾತ್ರ ಬದಲಾಗುತ್ತದೆ. ತೆಳುಬಣ್ಣವಿರುವಲ್ಲಿ ಚುಕ್ಕೆ ಸಣ್ಣದು, ಗಾಢಬಣ್ಣವಿರುವಲ್ಲಿ ದೊಡ್ಡದು. ನಾಲ್ಕು ಬಣ್ಣಗಳ ಸಾಲುಗಳು ಒಂದರ ಮೇಲೊಂದು ನೇರವಾಗಿ ಬೀಳದಂತೆ ಪ್ರತಿಯೊಂದನ್ನೂ ಬೇರೆ ಕೋನಕ್ಕೆ ತಿರುಗಿಸಿರುತ್ತಾರೆ. ಕಪ್ಪು 45 ಡಿಗ್ರಿ, ನೀಲಿ 15 ಡಿಗ್ರಿ, ಕೆನ್ನೇರಳೆ 75 ಡಿಗ್ರಿ, ಹಳದಿ 0 ಡಿಗ್ರಿ ಎಂಬುದು ಪ್ರಚಲಿತ ಕ್ರಮ. ಇವು ಕೂಡಿದಾಗ ಸಣ್ಣ ಹೂವಿನ ದಳಗಳಂತಹ ವೃತ್ತಗಳು ಕಾಣುತ್ತವೆ. ಮುಖದ ತಿಳಿಬಣ್ಣ, ಆಕಾಶ, ಮೋಡ ಮೊದಲಾದ ತೆಳುಛಾಯೆಯ ಭಾಗಗಳಲ್ಲಿ ಈ ಹೂವಿನ ವಿನ್ಯಾಸ ಸ್ಪಷ್ಟವಾಗಿರುತ್ತದೆ.

=== ಇಂಕ್‌ಜೆಟ್ ===

ಇಂದು ‘ಜಿಕ್ಲೀ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಕಲಾಮುದ್ರಣಗಳು ಉತ್ತಮ ದರ್ಜೆಯ ಇಂಕ್‌ಜೆಟ್ ಪ್ರತಿಗಳು. ಈ ಹೆಸರು ಬಳಕೆಗೆ ಬಂದದ್ದು 1990ರ ದಶಕದಲ್ಲಿ. ಇಲ್ಲಿ ಶಾಯಿಯ ಸೂಕ್ಷ್ಮ ಹನಿಗಳು ಕ್ರಮಬದ್ಧವಾದ ಸಾಲಿಲ್ಲದೆ, ಚಿಮುಕಿಸಿದಂತೆ ಹರಡಿರುತ್ತವೆ. ಹನಿಗಳ ಗಾತ್ರದಲ್ಲಿ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ತೆಳುಛಾಯೆಯಲ್ಲಿ ಅವು ವಿರಳವಾಗಿ, ಗಾಢಛಾಯೆಯಲ್ಲಿ ಒತ್ತೊತ್ತಾಗಿ ಬಿದ್ದಿರುತ್ತವೆ. ಹನಿಯ ಅಗಲ ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗಗಳಷ್ಟಿರುವುದರಿಂದ ಬರಿಯ ಮೊಬೈಲ್ ಕ್ಯಾಮೆರಾಕ್ಕೆ ಸಾಮಾನ್ಯವಾಗಿ ದಕ್ಕುವುದಿಲ್ಲ. 30 ಪಟ್ಟು ಅಥವಾ ಅದಕ್ಕಿಂತ ಹೆಚ್ಚು ಹಿಗ್ಗಿಸುವ ಭೂತಗನ್ನಡಿಯನ್ನು ಕ್ಯಾಮೆರಾದ ಮುಂದೆ ಹಿಡಿಯಬೇಕಾಗುತ್ತದೆ. ಇಂಕ್‌ಜೆಟ್ ಆಗಿರುವುದೇ ದೋಷವಲ್ಲ. ಕಲಾವಿದ ತಾನೇ ಆ ಮಾಧ್ಯಮವನ್ನು ಆರಿಸಿಕೊಂಡು, ಸಂಖ್ಯೆಯನ್ನು ಪ್ರಾಮಾಣಿಕವಾಗಿ ಪಾಲಿಸಿದ್ದರೆ ಅದೂ ಸೀಮಿತ ಆವೃತ್ತಿಯೇ. ಇಂಕ್‌ಜೆಟ್ ಪ್ರತಿಯನ್ನು ಕಲ್ಲಚ್ಚು ಎಂದೋ, ನೂರು ವರ್ಷ ಹಳೆಯದೆಂದೋ ಮಾರುವುದು ವಂಚನೆ.

=== ಕಲ್ಲಚ್ಚು ===

ಕಲ್ಲಚ್ಚಿನಲ್ಲಿ ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರಿಸಿ, ನೀರು ಮತ್ತು ಜಿಡ್ಡು ಒಂದಕ್ಕೊಂದು ಬೆರೆಯದ ಗುಣವನ್ನು ಬಳಸಿ ಅಚ್ಚು ತೆಗೆಯುತ್ತಾರೆ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಬಾಸೆಲ್ ಮಿಷನ್ನಿನವರಿಂದ ಅಚ್ಚಾದದ್ದು ಈ ವಿಧಾನದಿಂದಲೇ. ಬಣ್ಣದ ಕಲ್ಲಚ್ಚಿಗೆ ಪ್ರತಿಯೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಛಾಯೆಗಳನ್ನು ಮೂಡಿಸಲು ಕುಶಲಕರ್ಮಿಗಳು ಕಲ್ಲಿನ ಮೇಲೆ ಲೇಖನಿಯಿಂದ ಒಂದೊಂದೇ ಚುಕ್ಕೆಯನ್ನು ಇಡುತ್ತಿದ್ದರು. ಕೈಯಿಂದ ಇಟ್ಟ ಚುಕ್ಕೆಗಳಲ್ಲಿ ಅಂತರವೂ ಸಮವಿಲ್ಲ, ಆಕಾರವೂ ಸಮವಿಲ್ಲ. ಅವು ಕೆನ್ನೆಯ ಉಬ್ಬು, ಸೀರೆಯ ನೆರಿಗೆಗಳನ್ನು ಅನುಸರಿಸಿ ಬಾಗಿ ಸಾಗುತ್ತವೆ. ನಾಲ್ಕೇ ಬಣ್ಣಗಳಿಗೆ ಬದಲಾಗಿ ತಿಳಿಗುಲಾಬಿ, ಕಂದು, ಬೂದು ಮೊದಲಾದ ಹಲವು ಬಣ್ಣಗಳ ಶಾಯಿಗಳು ಪದರಪದರವಾಗಿ ಕಾಣುತ್ತವೆ. ಅಂಚುಗಳಲ್ಲಿ ಒಂದು ಬಣ್ಣವು ಇನ್ನೊಂದರಿಂದ ಕೂದಲೆಳೆಯಷ್ಟು ಸರಿದಿರುವುದೂ ಉಂಟು.

ಕಲ್ಲಚ್ಚಿನ ಪ್ರತಿಯೊಂದನ್ನು ಛಾಯಾಗ್ರಹಣ ಮಾಡಿ ಆಫ್‌ಸೆಟ್ಟಿನಲ್ಲಿ ಮರುಮುದ್ರಿಸಿದರೆ ಎರಡೂ ಗುರುತುಗಳು ಒಟ್ಟಿಗೆ ಕಾಣುತ್ತವೆ. ಕೈಯಿಂದ ಇಟ್ಟ ಚುಕ್ಕೆಯ ನೆರಳು ಮಸುಕಾಗಿ ಉಳಿದು, ಅದರ ಮೇಲೆ ಯಂತ್ರದ ಸಮ ಅಂತರದ ಚುಕ್ಕೆಗಳು ಹರಡಿರುತ್ತವೆ. ಕೈಚುಕ್ಕೆ ಕಂಡೊಡನೆ ಮೂಲಪ್ರತಿ ಎಂದು ನಿರ್ಧರಿಸುವವರು ತಪ್ಪುವುದು ಇಲ್ಲಿಯೇ. ನೋಡಬೇಕಾದುದು ಆ ಕೈಚುಕ್ಕೆ ಅಖಂಡವಾದ ಶಾಯಿಯಿಂದ ಆಗಿದೆಯೇ, ಇಲ್ಲವೇ ಅದೇ ಇನ್ನೂ ಸಣ್ಣ ಚುಕ್ಕೆಗಳಿಂದ ಆಗಿದೆಯೇ ಎಂಬುದನ್ನು.

== ಕಾಗದ ==

ಕಾಗದದ ಮೇಲ್ಮೈಯನ್ನು ನೋಡಲು ಬೆಳಕು ನೇರವಾಗಿ ಬೀಳಬಾರದು. ಕೋಣೆಯನ್ನು ಕತ್ತಲಾಗಿಸಿ, ಸಣ್ಣ ಬ್ಯಾಟರಿಯನ್ನು ಹಾಳೆಯ ಪಕ್ಕದಲ್ಲಿ ಬಹುತೇಕ ಮಲಗಿಸಿದಂತೆ ಹಿಡಿದರೆ ಉಬ್ಬುಗಳಿಗೆ ನೆರಳು ಬಂದು ಮೇಲ್ಮೈಯ ಸ್ವರೂಪ ಎದ್ದು ಕಾಣುತ್ತದೆ. ಹತ್ತಿಯ ನಾರಿನ ಕಾಗದದಲ್ಲಿ ಈ ಏರುತಗ್ಗುಗಳು ಎಲ್ಲಿಯೂ ಒಂದೇ ರೀತಿ ಪುನರಾವರ್ತನೆಯಾಗುವುದಿಲ್ಲ. ಉರುಳೆಯಿಂದ ಒತ್ತಿ ಮೂಡಿಸಿದ ಕೃತಕ ಮೇಲ್ಮೈಯಲ್ಲಿ ಕೆಲವು ಸೆಂಟಿಮೀಟರುಗಳಿಗೊಮ್ಮೆ ಅದೇ ಆಕೃತಿ ಮರಳಿ ಬರುತ್ತದೆ.

ಹಳೆಯ ಕಾಗದದಂತೆ ತೋರಿಸಲು ಕಲೆ, ಹಳದಿ ಛಾಯೆ, ಮಡಿಕೆಗಳನ್ನೂ ಚಿತ್ರದೊಡನೆ ಅಚ್ಚು ಮಾಡುವುದುಂಟು. ಇದನ್ನು ಪತ್ತೆಹಚ್ಚುವುದು ಸುಲಭ. ಚಿತ್ರದ ಹೊರಗಿನ ಖಾಲಿ ಅಂಚಿನಲ್ಲಿರುವ ಕಲೆಯೊಂದನ್ನು ಹಿಗ್ಗಿಸಿ ನೋಡಬೇಕು. ನಿಜವಾದ ತೇವದ ಕಲೆ ನಾರಿನೊಳಗೆ ಇಳಿದು, ಅಂಚಿನಲ್ಲಿ ಕ್ರಮೇಣ ಕರಗಿ ಹೋಗಿರುತ್ತದೆ. ಸಾಮಾನ್ಯವಾಗಿ ಹಿಂಬದಿಯಲ್ಲಿಯೂ ಅದರ ಗುರುತಿರುತ್ತದೆ. ಅಚ್ಚಾದ ಕಲೆ ಹಳದಿ, ಕೆನ್ನೇರಳೆ ಚುಕ್ಕೆಗಳ ಗುಂಪಾಗಿರುತ್ತದೆ, ಹಿಂಬದಿ ಸ್ವಚ್ಛವಾಗಿರುತ್ತದೆ. ಮಡಿಕೆಯ ಚಿತ್ರಕ್ಕೆ ಓರೆ ಬೆಳಕಿನಲ್ಲಿ ನೆರಳು ಬೀಳುವುದಿಲ್ಲ.

ಕಾಗದದ ಕಾಲವನ್ನು ಸೂಚಿಸುವ ಇನ್ನೊಂದು ಸಾಧನ ನೇರಳಾತೀತ ಬೆಳಕಿನ ಬ್ಯಾಟರಿ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಕಾಗದವನ್ನು ಹೆಚ್ಚು ಬೆಳ್ಳಗೆ ತೋರಿಸುವ ರಾಸಾಯನಿಕಗಳ ಬಳಕೆ ವ್ಯಾಪಕವಾಯಿತು. ಅಂತಹ ಕಾಗದ ಈ ಬೆಳಕಿನಲ್ಲಿ ನೀಲಿಬಿಳುಪಾಗಿ ಹೊಳೆಯುತ್ತದೆ. ಅದಕ್ಕಿಂತ ಹಳೆಯ ಕಾಗದ ಮಂಕಾಗಿಯೇ ಉಳಿಯುತ್ತದೆ. ಹೊಳೆಯುವ ಹಾಳೆ 1900ರದೆಂದು ಹೇಳಿದರೆ ನಂಬಲಾಗದು. ಆದರೆ ಹೊಳೆಯದ ಹಾಳೆಯೆಲ್ಲ ಹಳೆಯದಲ್ಲ, ಏಕೆಂದರೆ ಈ ರಾಸಾಯನಿಕವಿಲ್ಲದ ಉತ್ತಮ ಕಾಗದಗಳು ಇಂದೂ ತಯಾರಾಗುತ್ತವೆ. ಈ ಪರೀಕ್ಷೆ ಸುಳ್ಳನ್ನು ಬಯಲಿಗೆಳೆಯಬಲ್ಲದು, ಸತ್ಯವನ್ನು ಸ್ಥಾಪಿಸಲಾರದು. ಬ್ಯಾಟರಿಯ ಬೆಳಕನ್ನು ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು.

ಕಾಗದವನ್ನು ಬೆಳಕಿಗೆ ಹಿಡಿದಾಗ ಕಾಣುವ ನೀರುಗುರುತೂ ಕಾಲವನ್ನು ಸೂಚಿಸುತ್ತದೆ. ಮೇಲೆ ಹೇಳಿದ ಡಾಲಿಯ ಸಹಿಗಳ ವಿಷಯದಲ್ಲಿ ಇದೇ ನೆರವಾಯಿತು. ಫ್ರಾನ್ಸಿನ ಆರ್ಶ್ ಕಾಗದದ ನೀರುಗುರುತಿಗೆ 1980ರ ಸುಮಾರಿಗೆ ಅನಂತತೆಯ ಚಿಹ್ನೆ ಸೇರಿತು. ಆ ಹೊತ್ತಿಗೆ ಡಾಲಿಯ ಕೈ ಅನಾರೋಗ್ಯದಿಂದ ನಡುಗುತ್ತಿದ್ದುದರಿಂದ, ಆ ಚಿಹ್ನೆಯುಳ್ಳ ಹಾಳೆಯ ಮೇಲಿನ ದೃಢವಾದ ಸಹಿಗಳನ್ನು ತಜ್ಞರು ಸಂಶಯದಿಂದ ಕಾಣುತ್ತಾರೆ. ಸಹಿ ಮುಚ್ಚಿಟ್ಟದ್ದನ್ನು ಕಾಗದ ಹೊರಗೆಡಹಿತು.

== ರವಿವರ್ಮನ ಮುದ್ರಣಗಳು ==

ರಾಜಾ ರವಿವರ್ಮನ (1848–1906) ತೈಲವರ್ಣದ ಮೂಲಚಿತ್ರಗಳಲ್ಲಿ ಕೆಲವು ಮೈಸೂರಿನ ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿವೆ. ಜನಸಾಮಾನ್ಯರ ಮನೆಗಳಿಗೆ ತಲುಪಿದ್ದು ಅವುಗಳ ಬಣ್ಣದ ಕಲ್ಲಚ್ಚಿನ ಪ್ರತಿಗಳು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಜರ್ಮನ್ ತಂತ್ರಜ್ಞರ ನೆರವಿನಿಂದ ಮುದ್ರಣಾಲಯವನ್ನು ಆರಂಭಿಸಿದನು. ಅನಂತರ ಅದು ಲೋನಾವಳದ ಸಮೀಪದ ಮಳವಳಿಗೆ ಸ್ಥಳಾಂತರಗೊಂಡಿತು. ಕೆಲವೇ ವರ್ಷಗಳಲ್ಲಿ ಅದು ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರನ ಒಡೆತನಕ್ಕೆ ಬಂದಿತು. 1972ರಲ್ಲಿ ಬೆಂಕಿ ಅನಾಹುತಕ್ಕೆ ತುತ್ತಾಯಿತು.

ಈ ಪ್ರತಿಗಳನ್ನು ಓಲಿಯೊಗ್ರಾಫ್ ಎಂದು ಕರೆಯುತ್ತಾರೆ. ತೈಲಚಿತ್ರದ ಹೋಲಿಕೆ ಬರಲೆಂದು ಕಲ್ಲಚ್ಚಿನ ಮೇಲೆ ಹೊಳಪಿನ ವಾರ್ನಿಷ್ ಬಳಿದು, ಕೆಲವಕ್ಕೆ ಕ್ಯಾನ್ವಾಸ್ ಬಟ್ಟೆಯ ನೇಯ್ಗೆಯಂತಹ ಉಬ್ಬುಗಳನ್ನೂ ಒತ್ತುತ್ತಿದ್ದರು. ಹೀಗಾಗಿ ಓಲಿಯೊಗ್ರಾಫ್‌ನಲ್ಲಿ ನೇಯ್ಗೆಯ ಉಬ್ಬು ಕ್ರಮಬದ್ಧವಾಗಿ ಪುನರಾವರ್ತನೆಯಾಗುವುದು ದೋಷವಲ್ಲ. ಚಿತ್ರದ ಕೆಳಗೆ ದೇವತೆಯ ಅಥವಾ ಪ್ರಸಂಗದ ಹೆಸರೂ ಮುದ್ರಣಾಲಯದ ಹೆಸರೂ ಅಚ್ಚಾಗಿರುತ್ತವೆ.

ಇವು ಸೀಮಿತ ಆವೃತ್ತಿಯ ಪ್ರತಿಗಳಾಗಿರಲಿಲ್ಲ. ಆದಷ್ಟು ಹೆಚ್ಚು ಮನೆಗಳಿಗೆ ಅಗ್ಗದ ಬೆಲೆಯಲ್ಲಿ ತಲುಪಿಸುವುದೇ ಮುದ್ರಣಾಲಯದ ಉದ್ದೇಶವಾಗಿತ್ತು. ಆದುದರಿಂದ ಅವುಗಳ ಮೇಲೆ ಭಿನ್ನರಾಶಿಯ ಸಂಖ್ಯೆ ಇರುವುದಿಲ್ಲ. ರವಿವರ್ಮನ ಸಹಿ ಕಂಡರೂ ಅದು ಮೂಲಚಿತ್ರದಿಂದ ಕಲ್ಲಿಗೆ ಇಳಿದು, ಅಚ್ಚಾಗಿ ಬಂದ ಸಹಿ. ಇಂದು ಅವನ ಚಿತ್ರಗಳ ಸಂಖ್ಯಾಂಕಿತ ಇಂಕ್‌ಜೆಟ್ ಮರುಮುದ್ರಣಗಳನ್ನು ಹೊರಡಿಸಬಹುದು. ಅವು ಇಂದಿನ ಪ್ರಕಾಶಕನ ಆವೃತ್ತಿಗಳು, ರವಿವರ್ಮನ ಮುದ್ರಣಾಲಯದವಲ್ಲ. ಈ ಎರಡನ್ನೂ ಬೆರೆಸಿ, ‘ಸಂಖ್ಯೆಯುಳ್ಳ ಮೂಲ ಓಲಿಯೊಗ್ರಾಫ್’ ಎಂದು ಹೇಳಿದರೆ ಆ ವಾಕ್ಯದಲ್ಲಿಯೇ ವಿರೋಧವಿದೆ.

== ಒಂದು ಮಾದರಿ ಪರೀಕ್ಷೆ ==

ಮೇಲಿನ ಕ್ರಮವನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸಬಹುದು. ಬೆಂಗಳೂರಿನ ಪೂರ್ವಭಾಗದ ದೊಡ್ಡನೆಕ್ಕುಂದಿಯ ನಿವಾಸಿಯೊಬ್ಬರು ಹೊಸ ಮನೆಯ ಗೋಡೆಗಾಗಿ ಅಂತರಜಾಲದಲ್ಲಿ ರವಿವರ್ಮನ ಲಕ್ಷ್ಮಿಯ ಚಿತ್ರವೊಂದನ್ನು ನೋಡಿದ್ದಾರೆ. ದೂರದ ಊರಿನ ಮಾರಾಟಗಾರ ಅದನ್ನು ‘1900ರ ಕಾಲದ ಮೂಲ ಓಲಿಯೊಗ್ರಾಫ್, ಸಂಖ್ಯೆ 47/250’ ಎಂದು ವರ್ಣಿಸಿದ್ದಾನೆ. ಹಾಳೆಯ ಗಾತ್ರ 50 × 35 ಸೆಂಟಿಮೀಟರ್. ಹಣ ಕೊಡುವ ಮುನ್ನ ಕೈಗೆ ಸಿಗುವುದು ಛಾಯಾಚಿತ್ರಗಳು ಮಾತ್ರ.

ಕೊಳ್ಳುವವರು ನಾಲ್ಕು ಚಿತ್ರಗಳನ್ನು ಕೇಳುತ್ತಾರೆ. ಮೊದಲನೆಯದು ಅಳತೆಪಟ್ಟಿಯೊಡನೆ ಲಕ್ಷ್ಮಿಯ ಕೆನ್ನೆಯ 2 ಸೆಂಟಿಮೀಟರ್ ಭಾಗ. ಎರಡನೆಯದು ಸಂಖ್ಯೆ ಬರೆದ ಮೂಲೆ; ಚಿತ್ರದ ಅಂಚೂ ಅದರಲ್ಲಿ ಸೇರಿರಬೇಕು. ಮೂರನೆಯದು ಓರೆ ಬೆಳಕಿನಲ್ಲಿ ತೆಗೆದ ಖಾಲಿ ಅಂಚು. ನಾಲ್ಕನೆಯದು ಹಾಳೆಯ ಹಿಂಬದಿ.

ಕೆನ್ನೆಯ ಚಿತ್ರ 1600 ಪಿಕ್ಸೆಲ್ ಅಗಲವಿದ್ದು, ಅಳತೆಪಟ್ಟಿಯ 20 ಮಿಲಿಮೀಟರ್ ಅದರಲ್ಲಿ ತುಂಬಿದೆ. ಅಂದರೆ ಮಿಲಿಮೀಟರಿಗೆ 80 ಪಿಕ್ಸೆಲ್. ಕೆನ್ನೆಯಲ್ಲಿ ಕೈಚುಕ್ಕೆಗಳ ಮಸುಕಾದ ಆಕಾರವೂ, ಅದರ ಮೇಲೆ ಸಮ ಅಂತರದ ಕೆನ್ನೇರಳೆ ಚುಕ್ಕೆಗಳ ಸಾಲೂ ಕಾಣುತ್ತವೆ. ಒಂದೇ ಚುಕ್ಕೆಯ ಅಂತರವನ್ನು ಅಳೆದರೆ ತಪ್ಪಾಗಬಹುದಾದುದರಿಂದ ಸಾಲಿನ ಉದ್ದಕ್ಕೂ ಹತ್ತು ಅಂತರಗಳನ್ನು ಒಟ್ಟಿಗೆ ಅಳೆಯುತ್ತಾರೆ. ಅವು 136 ಪಿಕ್ಸೆಲ್‌ಗಳಾಗುತ್ತವೆ. 136ನ್ನು 80ರಿಂದ ಭಾಗಿಸಿದರೆ 1.7 ಮಿಲಿಮೀಟರ್, ಅಂದರೆ ಒಂದು ಅಂತರ 0.17 ಮಿಲಿಮೀಟರ್. 25.4ನ್ನು 0.17ರಿಂದ ಭಾಗಿಸಿದರೆ ಸುಮಾರು 150. ಇದು ಅಂಗುಲಕ್ಕೆ 150 ಸಾಲುಗಳ ಆಫ್‌ಸೆಟ್ ಮುದ್ರಣದ ಅಳತೆ. ಹಳೆಯ ಓಲಿಯೊಗ್ರಾಫ್ ಒಂದರಿಂದ ಮಾಡಿದ ಮರುಮುದ್ರಣವೆಂಬುದಕ್ಕೆ ಕೈಚುಕ್ಕೆಯ ನೆರಳು ಸಾಕ್ಷಿ.

ಮೂಲೆಯ ಚಿತ್ರದಲ್ಲಿ 47 ಎಂಬುದು ನಿಜವಾದ ಸೀಸದ ಗೆರೆ. ಕಾಗದದ ಉಬ್ಬುಗಳ ಮೇಲೆ ತುಂಡಾಗಿದೆ, ಹೊಳೆಯುತ್ತದೆ. 250 ಎಂಬುದು ಬಣ್ಣದ ಚುಕ್ಕೆಗಳಿಂದ ಅಚ್ಚಾಗಿದೆ. ಒಟ್ಟು ಸಂಖ್ಯೆಯನ್ನು ಅಚ್ಚು ಮಾಡಿ, ಕ್ರಮಸಂಖ್ಯೆಯನ್ನು ಆಮೇಲೆ ಕೈಯಿಂದ ತುಂಬಿದ್ದಾರೆಂದು ಇದರಿಂದ ತಿಳಿಯುತ್ತದೆ. ಅಂಚಿನ ಕಂದುಕಲೆ ಓರೆ ಬೆಳಕಿನ ಚಿತ್ರದಲ್ಲಿ ಚುಕ್ಕೆಗಳಾಗಿ ಒಡೆಯುತ್ತದೆ, ಹಿಂಬದಿಯಲ್ಲಿ ಅದರ ಸುಳಿವಿಲ್ಲ. ಮೂರು ಕುರುಹುಗಳೂ ಒಂದೇ ಮಾತನ್ನು ಹೇಳುತ್ತವೆ: ಇದು ಹಳೆಯ ಓಲಿಯೊಗ್ರಾಫ್‌ನ ಇತ್ತೀಚಿನ ಆಫ್‌ಸೆಟ್ ಪ್ರತಿ. ಗೋಡೆಯ ಅಲಂಕಾರಕ್ಕೆ ಪೋಸ್ಟರಿನ ಬೆಲೆಗೆ ಕೊಳ್ಳಲು ಅಡ್ಡಿಯಿಲ್ಲ. ಪುರಾತನ ವಸ್ತುವಿನ ಬೆಲೆ ಕೊಡುವುದಕ್ಕೆ ಕಾರಣವಿಲ್ಲ.

ಫಲಿತಾಂಶ ಬೇರೆಯಾಗಿದ್ದು, ಪ್ರತಿಯನ್ನು ಕೊಂಡಿದ್ದರೆ ಮೂಲೆಯ ಚಿತ್ರವನ್ನು ಉಳಿಸಿಕೊಳ್ಳಬೇಕಾಗಿತ್ತು. ಸಂಖ್ಯೆಯ ಪಕ್ಕದ ನಾರಿನ ಎಳೆಗಳೂ ಸಣ್ಣ ಕಂದು ಚುಕ್ಕೆಗಳೂ ಬೇರೊಂದು ಹಾಳೆಯಲ್ಲಿ ಅದೇ ಜಾಗದಲ್ಲಿರಲು ಸಾಧ್ಯವಿಲ್ಲ. ಮನೆಗೆ ಬಂದ ಹಾಳೆಯ ಮೂಲೆಯನ್ನು ಆ ಚಿತ್ರದೊಡನೆ ಹೋಲಿಸಿದರೆ, ತೋರಿಸಿದ ಪ್ರತಿಯನ್ನೇ ಕಳುಹಿಸಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಬಹುದು.

== ಮಿತಿಗಳು ==

ಸಮ ಅಂತರದ ಚುಕ್ಕೆ ಕಂಡೊಡನೆ ಮುದ್ರಣ ಇತ್ತೀಚಿನದೆಂದು ಹೇಳುವಂತಿಲ್ಲ. ಹಾಫ್‌ಟೋನ್ ತಂತ್ರ 19ನೆಯ ಶತಮಾನದ ಕೊನೆಯಲ್ಲಿಯೇ ಬಳಕೆಗೆ ಬಂದಿತ್ತು. ಕಲ್ಲಚ್ಚಿನ ಕುಶಲಕರ್ಮಿಗಳೂ ಸಮಯ ಉಳಿಸಲು ಸಿದ್ಧಚುಕ್ಕೆಗಳ ಹಾಳೆಯನ್ನು ಕಲ್ಲಿಗೆ ಒತ್ತುತ್ತಿದ್ದುದುಂಟು. ಅಂತಹ ಚುಕ್ಕೆಗಳು ಸಮ ಅಂತರದಲ್ಲಿದ್ದರೂ ಗಾತ್ರ ಬದಲಾಗುವುದಿಲ್ಲ, ಚಿತ್ರದ ಕೆಲವು ಭಾಗಗಳಲ್ಲಿ ಮಾತ್ರ ಇರುತ್ತವೆ. ಇಡೀ ಹಾಳೆಯನ್ನು ಖಾಲಿ ಅಂಚಿನ ಕಲೆಗಳವರೆಗೂ ನಾಲ್ಕು ಬಣ್ಣಗಳ ಹೂವಿನ ವಿನ್ಯಾಸ ಆವರಿಸಿದ್ದರೆ ಮಾತ್ರ ಛಾಯಾಗ್ರಹಣದ ಮರುಮುದ್ರಣವೆಂದು ಧೈರ್ಯವಾಗಿ ಹೇಳಬಹುದು.

ಗಾಜಿನ ಹಿಂದಿರುವ, ಚೌಕಟ್ಟು ಹಾಕಿದ ಪ್ರತಿಯ ಸಮೀಪಚಿತ್ರವನ್ನು ನೆಚ್ಚುವುದು ಕಷ್ಟ. ಗಾಜಿನ ಪ್ರತಿಫಲನ ಸೀಸದ ಹೊಳಪನ್ನು ಮರೆಮಾಡುತ್ತದೆ, ಕಾಗದದ ಅಂಚು ಮತ್ತು ಹಿಂಬದಿ ಕಾಣುವುದಿಲ್ಲ. ದಪ್ಪ ವಾರ್ನಿಷ್ ಬಳಿದ ಪ್ರತಿಗಳಲ್ಲಿ ಚುಕ್ಕೆಗಳ ಅಂಚು ಮಸುಕಾಗುತ್ತದೆ. ಒಂದೇ ಮುದ್ರಣಾಲಯದಲ್ಲಿ, ಒಂದೇ ಬಗೆಯ ಕಾಗದದ ಮೇಲೆ, ಅಧಿಕೃತ ಸಂಖ್ಯೆಗಿಂತ ಹೆಚ್ಚಾಗಿ ಗುಟ್ಟಾಗಿ ಮುದ್ರಿಸಿದ ಪ್ರತಿಗಳನ್ನು ಚುಕ್ಕೆಯಿಂದಾಗಲಿ ಕಾಗದದಿಂದಾಗಲಿ ಬೇರ್ಪಡಿಸಲು ಬರುವುದಿಲ್ಲ. ಅಲ್ಲಿ ನೆರವಾಗುವುದು ಪ್ರಕಾಶಕನ ದಾಖಲೆ, ಮಾರಾಟದ ರಸೀದಿಗಳು ಮತ್ತು ಪ್ರತಿಯು ಕೈಯಿಂದ ಕೈಗೆ ಬಂದ ಇತಿಹಾಸ ಮಾತ್ರ.